ಕ್ಲಬ್ಬಿನಲ್ಲಿ ಹತ್ತು ನಿಮಿಷದ ಮಾತು: ಅನುಮಾನದ ಸೆಟಪ್ ಬಿಡುವುದೂ ಒಂದು ನಿರ್ಧಾರವೇ. ಕರಡು ಓದಿ ಹೇಳಿ

ಭಾನುವಾರದ ಚಾರ್ಟ್

ಮುಂದಿನ ಭಾನುವಾರ ನಮ್ಮ ಟ್ರೇಡಿಂಗ್ ಕ್ಲಬ್ಬಿನಲ್ಲಿ ಮಾತನಾಡುವ ಸರದಿ ನನ್ನದು. ಬರುವವರಲ್ಲಿ ಹೆಚ್ಚಿನವರು ಡೆಲಿವರಿಯಲ್ಲಿ ಷೇರು ಕೊಂಡು ಒಂದೆರಡು ವಾರ ಇಟ್ಟುಕೊಳ್ಳುವ ಸ್ವಿಂಗ್ ಟ್ರೇಡರ್‌ಗಳು. ಪ್ರತಿ ಸಭೆಯಲ್ಲೂ ತೆಗೆದುಕೊಂಡ ಟ್ರೇಡುಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಬಿಟ್ಟ ಟ್ರೇಡುಗಳ ಬಗ್ಗೆ ಯಾರೂ ತುಟಿಪಿಟಕ್ ಎನ್ನುವುದಿಲ್ಲ. ಬಿಟ್ಟದ್ದು ಮೇಲಕ್ಕೆ ಹಾರಿದರೆ ಮಾತ್ರ ಚಹಾದ ಹೊತ್ತಿನಲ್ಲಿ ಗೊಣಗಾಟ ಶುರುವಾಗುತ್ತದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ. ಕರಡು ಹೀಗಿದೆ:

"ಗೆಳೆಯರೇ, ನಾನು ತೆಗೆದುಕೊಳ್ಳದ ಒಂದು ಟ್ರೇಡನ್ನು ಇಂದು ತೋರಿಸುತ್ತೇನೆ. ಷೇರಿನ ಹೆಸರು ಹೇಳುವುದಿಲ್ಲ, ಬೆಲೆಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ಪೂರ್ಣಾಂಕಕ್ಕೆ ತಂದಿದ್ದೇನೆ.

ವಾರಗಟ್ಟಲೆ 460ರಿಂದ 495ರ ನಡುವೆ ಓಡಾಡಿಕೊಂಡಿದ್ದ ಷೇರು. ಮಂಗಳವಾರ ಮಧ್ಯಾಹ್ನ 3 ಗಂಟೆ 10 ನಿಮಿಷಕ್ಕೆ 496ರಲ್ಲಿದೆ. ರೇಂಜ್ ದಾಟಿಯೇ ದಿನ ಮುಗಿಯುವಂತಿದ್ದರೆ ಕೊನೆಯ ಕಾಲು ಗಂಟೆಯಲ್ಲಿ ಕೊಳ್ಳುವುದು ನನ್ನ ಸೆಟಪ್. ಸ್ಟಾಪ್ ಲಾಸ್ 480, ಟಾರ್ಗೆಟ್ 528. ಹದಿನಾರು ರೂಪಾಯಿ ಪಣಕ್ಕಿಟ್ಟು ಮೂವತ್ತೆರಡು ರೂಪಾಯಿಗೆ ಕಾಯುವ ಆಟ. ಬಂಡವಾಳ ಮೂರು ಲಕ್ಷ ಎಂದುಕೊಳ್ಳಿ. ಒಂದು ಟ್ರೇಡಿನಲ್ಲಿ ಶೇ 1ರಷ್ಟು, ಅಂದರೆ 3,000 ರೂಪಾಯಿ ಹೋದರೆ ಹೋಗಲಿ ಎಂದರೆ 187 ಷೇರು ಕೊಳ್ಳಬಹುದು. ಹಣ ಸುಮಾರು 92,750 ಬೇಕು. ಆರ್ಡರ್ ಪರದೆ ತೆರೆದಿತ್ತು, ಸಂಖ್ಯೆಯನ್ನೂ ಬರೆದಾಗಿತ್ತು.

ಅಲ್ಲಿ ಮೂರು ಅನುಮಾನ ಎದ್ದವು. ಒಂದು, ಆ ಹೊತ್ತಿನವರೆಗಿನ ವಾಲ್ಯೂಮ್ ಇಪ್ಪತ್ತು ದಿನಗಳ ಸರಾಸರಿಯ ಮುಕ್ಕಾಲು ಭಾಗವನ್ನೂ ಮುಟ್ಟಿರಲಿಲ್ಲ. ಎರಡು, ಹಿಂದಿನ ಎರಡು ತಿಂಗಳಲ್ಲಿ ಈ ಷೇರು ಎರಡು ಸಲ 512ರ ಆಸುಪಾಸಿನಿಂದ ಕೆಳಗೆ ಬಿದ್ದಿತ್ತು. ಮೂರು, ಬುಧವಾರ ಸಂಜೆ ತ್ರೈಮಾಸಿಕ ಫಲಿತಾಂಶ.

ಎರಡನೆಯದನ್ನು ಮೊದಲು ನೋಡೋಣ. 512ರಲ್ಲಿ ಮಾರುವವರು ಕಾದಿದ್ದಾರೆ ಎಂದು ನಾನು ನಿಜವಾಗಿ ನಂಬಿದರೆ ನನ್ನ ಟಾರ್ಗೆಟ್ 528 ಅಲ್ಲ, 512. ಆಗ ಹದಿನಾರಕ್ಕೆ ಹದಿನಾರು. ಡೆಲಿವರಿಗೆ ಕೊಳ್ಳುವಾಗಲೂ ಮಾರುವಾಗಲೂ ಶೇ 0.1ರಂತೆ ಎಸ್‌ಟಿಟಿ ಇದೆ. ಅದರ ಮೇಲೆ ಸ್ಟ್ಯಾಂಪ್ ಶುಲ್ಕ, ಡಿಪಿ ಶುಲ್ಕ, ಚಿಲ್ಲರೆಪಲ್ಲರೆ. ಬ್ರೋಕರೇಜ್ ಸೊನ್ನೆಯಾದರೂ ಹೋಗಿ ಬರುವ ಖರ್ಚು ಸುಮಾರು 230 ರೂಪಾಯಿ. ಟಾರ್ಗೆಟ್ 528 ಆಗಿದ್ದರೆ ಇಂಥ ನೂರು ಟ್ರೇಡುಗಳಲ್ಲಿ 36 ಗೆದ್ದರೆ ಅಸಲಿಗೆ ಮೋಸವಿಲ್ಲ. 512 ಆದರೆ 54 ಗೆಲ್ಲಬೇಕು. ಚಾರ್ಟ್ ಅದೇ, ಎಂಟ್ರಿ ಅದೇ. ಆದರೆ ಒಂದು ಅನುಮಾನವನ್ನು ಒಪ್ಪಿಕೊಂಡ ಕೂಡಲೇ ಅದು ಬೇರೆಯೇ ಟ್ರೇಡ್ ಆಯಿತು. ಈ ಸೆಟಪ್ ನೂರಕ್ಕೆ 54 ಗೆಲ್ಲುತ್ತದೆ ಎನ್ನುವುದಕ್ಕೆ ನನ್ನ ಜರ್ನಲ್ಲಿನಲ್ಲಿ ಆಧಾರವಿರಲಿಲ್ಲ.

ಈಗ ಮೂರನೆಯದು. ಫಲಿತಾಂಶ ಸಂಜೆ ಬಂದರೆ ಸ್ಟಾಪ್ ಲಾಸ್ ರಾತ್ರಿಯಿಡೀ ಕಾವಲು ಕಾಯುವುದಿಲ್ಲ. ಗುರುವಾರ ಬೆಳಿಗ್ಗೆ 460ರಲ್ಲಿ ತೆರೆದರೆ ಹೋಗುವುದು 3,000 ಅಲ್ಲ, 6,732. ಒಂದು ಟ್ರೇಡಿಗೆ ಎಂದು ಒಪ್ಪಿಕೊಂಡದ್ದರ ಎರಡು ಪಟ್ಟಿಗೂ ಹೆಚ್ಚು.

ಹಾಗಾಗಿ ಬಿಟ್ಟೆ. 3 ಗಂಟೆ 20 ನಿಮಿಷಕ್ಕೆ ಜರ್ನಲ್ಲಿನಲ್ಲಿ ಬರೆದೆ: ಎಂಟ್ರಿ 496, ಸ್ಟಾಪ್ 480, ಟಾರ್ಗೆಟ್ 512, ಬಿಟ್ಟ ಕಾರಣ ಇಂಥದ್ದು.

ಮುಂದೇನಾಯಿತು? ಫಲಿತಾಂಶ ಚೆನ್ನಾಗಿ ಬಂತು. ಗುರುವಾರ 521ರಲ್ಲಿ ತೆರೆಯಿತು, ಮರುವಾರ 534 ಮುಟ್ಟಿತು. ಹಳೆಯ ಟಾರ್ಗೆಟ್ಟಿನ ಲೆಕ್ಕದಲ್ಲಿ ಆರು ಸಾವಿರದಷ್ಟು ಲಾಭ ಕೈತಪ್ಪಿತು. ಇಷ್ಟಾದರೂ ಅದೇ ಮಂಗಳವಾರ ಮತ್ತೆ ಬಂದರೆ ನಾನು ಮತ್ತೆ ಬಿಡುತ್ತೇನೆ. ಮಂಗಳವಾರ ನನಗೆ ತಿಳಿದಿದ್ದು ಅಷ್ಟೇ. ಗುರುವಾರದ ಬೆಲೆಯನ್ನು ಹಿಡಿದು ಮಂಗಳವಾರದ ನಿರ್ಧಾರಕ್ಕೆ ಅಂಕ ಹಾಕಿದರೆ, ಮುಂದಿನ ಫಲಿತಾಂಶದ ಹಿಂದಿನ ದಿನ ಕೈ ತಾನಾಗಿಯೇ ಖರೀದಿ ಗುಂಡಿಯ ಮೇಲೆ ಹೋಗುತ್ತದೆ."

ಇಷ್ಟು. ಎಲ್ಲಿ ಸಡಿಲವಾಗಿದೆ ಹೇಳಿ.

ಒಂಬತ್ತೂಕಾಲು

ಇಷ್ಟೆಲ್ಲ ಲೆಕ್ಕ ಏಕೆ ಸರ್? ಸೆಬಿ 2024ರ ಸೆಪ್ಟೆಂಬರಿನಲ್ಲೇ ಹೇಳಿದೆಯಲ್ಲ, ನೂರರಲ್ಲಿ 93 ಜನ ಕಳೆದುಕೊಳ್ಳುತ್ತಾರೆ ಎಂದು. ಆ ಒಂದು ಸಾಲು ಓದಿ ಕುಳಿತುಕೊಳ್ಳಿ. ಬಿಟ್ಟಷ್ಟೂ ಲಾಭ. ನಿಮ್ಮ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ.

ಲೆಕ್ಕದ ಮೇಷ್ಟ್ರು

ಒಂಬತ್ತೂಕಾಲು ಅವರೇ, ಆ 93 ಈಕ್ವಿಟಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಮಾಡಿದ ವ್ಯಕ್ತಿಗಳ ಬಗ್ಗೆ, 2021–22ರಿಂದ 2023–24ರವರೆಗಿನ ಮೂರು ವರ್ಷಗಳದ್ದು. ಇವರ ಕ್ಲಬ್ಬಿನವರು ಮಾಡುವುದು ಡೆಲಿವರಿ. ಸ್ವಲ್ಪ ಹತ್ತಿರದ್ದು ಬೇಕೆಂದರೆ ಅದೇ ವರ್ಷದ ಜುಲೈನಲ್ಲಿ ನಗದು ಮಾರುಕಟ್ಟೆಯ ಇಂಟ್ರಾಡೇ ಬಗ್ಗೆ ಬಂದ ಅಧ್ಯಯನವಿದೆ: 2022–23ರಲ್ಲಿ ಹತ್ತರಲ್ಲಿ ಏಳು ಜನ ನಷ್ಟದಲ್ಲಿ, ವರ್ಷಕ್ಕೆ 500ಕ್ಕಿಂತ ಹೆಚ್ಚು ಟ್ರೇಡ್ ಮಾಡಿದವರಲ್ಲಿ ಶೇ 80. ಅದೂ ಡೆಲಿವರಿಯದ್ದಲ್ಲ. ಹೆಚ್ಚು ಟ್ರೇಡ್ ಮಾಡುವವರಲ್ಲಿ ಸೋತವರು ಹೆಚ್ಚು ಎಂಬುದರಿಂದ, ಟ್ರೇಡ್ ಬಿಟ್ಟರೆ ಗೆಲ್ಲುತ್ತೇವೆ ಎಂದು ಸಾಧಿಸಿದಂತಾಗುವುದಿಲ್ಲ. ಕೆಟ್ಟದ್ದನ್ನು ಬಿಟ್ಟರೆ ಉಳಿತಾಯ, ಒಳ್ಳೆಯದನ್ನು ಬಿಟ್ಟರೆ ನಷ್ಟ. ಎಲ್ಲವನ್ನೂ ಬಿಟ್ಟವನಿಗೆ ಬ್ಯಾಂಕಿನ ಬಡ್ಡಿ.

ಭಾನುವಾರದವರೇ, ಕರಡು ಚೆನ್ನಾಗಿದೆ, ಆದರೆ ನಿಮ್ಮ ಮೂರು ಅನುಮಾನಗಳು ಒಂದೇ ಜಾತಿಯವಲ್ಲ. 512 ಟಾರ್ಗೆಟ್ಟನ್ನು ಬದಲಿಸಿತು. ಫಲಿತಾಂಶವು ನಷ್ಟದ ಗಾತ್ರವನ್ನು ಬದಲಿಸಿತು. ವಾಲ್ಯೂಮ್ ಏನನ್ನು ಬದಲಿಸಿತು? ಕರಡಿನಲ್ಲಿ ಅದನ್ನು ಹೇಳಿ ಅಲ್ಲಿಗೇ ಕೈಬಿಟ್ಟಿದ್ದೀರಿ. ಅನುಮಾನ ಎದ್ದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಿಂದ ಎಂಟ್ರಿ, ಸ್ಟಾಪ್, ಟಾರ್ಗೆಟ್, ಷೇರಿನ ಸಂಖ್ಯೆ, ಗೆಲುವಿನ ಪ್ರಮಾಣ ಇವುಗಳಲ್ಲಿ ಯಾವುದು ಬದಲಾಗುತ್ತದೆ? ಯಾವುದೂ ಬದಲಾಗದಿದ್ದರೆ ಅದು ಸೆಟಪ್ಪಿನ ಬಗೆಗಿನ ಅನುಮಾನವಲ್ಲ, ಹಿಂದಿನ ವಾರದ ಏಟಿನ ನೋವು. ಅದನ್ನು ಕಾರಣವೆಂದು ಬರೆದು ಟ್ರೇಡ್ ಬಿಟ್ಟರೆ ಜರ್ನಲ್ ತುಂಬ ಸುಂದರವಾದ ನೆಪಗಳು ತುಂಬಿಕೊಳ್ಳುತ್ತವೆ.

ಭಾನುವಾರದ ಚಾರ್ಟ್

ಮೇಷ್ಟ್ರೇ, ಈ ಪ್ರಶ್ನೆಯನ್ನು ಹಾಗೆಯೇ ಎತ್ತಿಕೊಳ್ಳುತ್ತೇನೆ. ವಾಲ್ಯೂಮ್ ಬದಲಿಸುವುದು ಗೆಲುವಿನ ಪ್ರಮಾಣವನ್ನು. ನನ್ನ ಜರ್ನಲ್ಲಿನಲ್ಲಿ ವಾಲ್ಯೂಮ್ ಇಲ್ಲದ ಬ್ರೇಕ್‌ಔಟುಗಳು ರೇಂಜಿನೊಳಕ್ಕೆ ಮರಳಿದ್ದೇ ಹೆಚ್ಚು. ಆದರೆ ಎಷ್ಟು ಹೆಚ್ಚು ಎಂದು ಎಣಿಸಿ ಹೇಳುವಷ್ಟು ದಾಖಲೆ ಇಲ್ಲ.

ಹುಬ್ಬಳ್ಳಿಯ ಅಕ್ಕ

ವಾಲ್ಯೂಮಿನ ಮಾತು ಬಂದಿದ್ದರಿಂದ ಒಂದು ಸಣ್ಣ ತಕರಾರು. 3 ಗಂಟೆ 10 ನಿಮಿಷದವರೆಗಿನ ವಾಲ್ಯೂಮನ್ನು ಪೂರ್ತಿ ದಿನಗಳ ಸರಾಸರಿಗೆ ಹೋಲಿಸಿದ್ದೀರಿ. ಕೊನೆಯ ಇಪ್ಪತ್ತು ನಿಮಿಷದಲ್ಲಿ ಎಷ್ಟೋ ಷೇರುಗಳಲ್ಲಿ ದೊಡ್ಡ ಪಾಲು ವಹಿವಾಟು ನಡೆಯುತ್ತದೆ. ಇಪ್ಪತ್ತು ದಿನವೂ ಅದೇ ಹೊತ್ತಿಗೆ ಎಷ್ಟಾಗಿತ್ತು ಎಂದು ನೋಡಬೇಕು, ಇಲ್ಲವೇ ಮರುದಿನ ತೀರ್ಮಾನಿಸಬೇಕು. ನಿಮ್ಮ ಲೆಕ್ಕದಲ್ಲಿ ನೋಡಿದರೆ ಎಲ್ಲ ದಿನವೂ ವಾಲ್ಯೂಮ್ ಕಡಿಮೆಯೇ ಕಾಣುತ್ತದೆ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ನಾನು ಟ್ರೆಂಡ್ ಹಿಂದೆ ಹೋಗುವವಳು, ಟಾರ್ಗೆಟ್ ಇಡುವುದಿಲ್ಲ, ಸ್ಟಾಪನ್ನು ಮೇಲೆ ಎಳೆಯುತ್ತಾ ಹೋಗುತ್ತೇನೆ. ನನ್ನಂಥವರ ಇಪ್ಪತ್ತು ಟ್ರೇಡುಗಳ ಚಿತ್ರ ಸುಮಾರಾಗಿ ಹೀಗಿರುತ್ತದೆ ಎಂದಿಟ್ಟುಕೊಳ್ಳಿ: ಹದಿಮೂರರಲ್ಲಿ ಪಣಕ್ಕಿಟ್ಟಷ್ಟೂ ಹೋಯಿತು. ಐದರಲ್ಲಿ ಎರಡರಷ್ಟು ಬಂತು. ಎರಡರಲ್ಲಿ ಒಂಬತ್ತರಷ್ಟು ಬಂತು. ಕೂಡಿ ಕಳೆದರೆ ಹದಿನೈದು ಪಾಲು ಲಾಭ. ಈಗ ಆ ಕೊನೆಯ ಎರಡನ್ನು "ಅನುಮಾನ" ಎಂದು ಬಿಟ್ಟಿದ್ದರೆ ವರ್ಷ ಮೂರು ಪಾಲು ನಷ್ಟದಲ್ಲಿ ಮುಗಿಯುತ್ತದೆ. ತಮಾಷೆಯೆಂದರೆ ದೊಡ್ಡದಾಗಿ ಓಡುವ ಷೇರುಗಳು ಹೊರಡುವಾಗ ಚೆಂದವಾಗಿ ಕಾಣುವುದೇ ಇಲ್ಲ. ನಿಮ್ಮ 496ರ ಷೇರನ್ನೇ ನೋಡಿ, ಮೂರು ಅನುಮಾನ ಹೊತ್ತುಕೊಂಡು ಹೊರಟಿತು. ನಿಯಮದೊಳಗೆ ಬಂದದ್ದನ್ನೆಲ್ಲ ತೆಗೆದುಕೊಳ್ಳುವುದು, ಆ ಹೊತ್ತಿನಲ್ಲಿ ಆರಿಸಲು ಹೋಗದಿರುವುದು ನನ್ನ ಪದ್ಧತಿ.

ಭಾನುವಾರದ ಚಾರ್ಟ್

ಅಕ್ಕಾ, ಸ್ಥಿರ ಟಾರ್ಗೆಟ್ ಇಡುವವನಿಗೂ ನಿಮಗೂ ಇರುವ ವ್ಯತ್ಯಾಸ ಇಲ್ಲಿಯೇ. ನನ್ನದರಲ್ಲಿ ಒಂದನ್ನು ಬಿಟ್ಟರೆ ಹೆಚ್ಚೆಂದರೆ ಎರಡು ಪಾಲು ತಪ್ಪುತ್ತದೆ. ನಿಮ್ಮದರಲ್ಲಿ ವರ್ಷವೇ ತಪ್ಪಬಹುದು. ಆದರೆ ಫಲಿತಾಂಶದ ಹಿಂದಿನ ದಿನ ನೀವೂ ತೆಗೆದುಕೊಳ್ಳುತ್ತೀರಾ?

ಹುಬ್ಬಳ್ಳಿಯ ಅಕ್ಕ

ಇಲ್ಲ. ಫಲಿತಾಂಶಕ್ಕೆ ಎರಡು ದಿನದೊಳಗೆ ಹೊಸ ಎಂಟ್ರಿ ಇಲ್ಲ ಎಂದು ನಿಯಮದಲ್ಲೇ ಬರೆದುಕೊಂಡಿದ್ದೇನೆ. ಮಂಡಳಿ ಸಭೆಯ ದಿನಾಂಕವನ್ನು ಕಂಪನಿಗಳು ಷೇರುಪೇಟೆಗೆ ಮೊದಲೇ ತಿಳಿಸುತ್ತವೆ, ಎನ್‌ಎಸ್‌ಇ ತಾಣದಲ್ಲಿ ನೋಡಿದರೆ ಸಿಗುತ್ತದೆ. ಆದ್ದರಿಂದ ಅದು 3 ಗಂಟೆ 10 ನಿಮಿಷಕ್ಕೆ ಹುಟ್ಟಬೇಕಾದ ಅನುಮಾನವೇ ಅಲ್ಲ, ಬೆಳಿಗ್ಗೆಯೇ ಪಟ್ಟಿಯಿಂದ ತೆಗೆಯಬೇಕಾದ ಹೆಸರು. ಸಭೆಯಲ್ಲಿ ಇದನ್ನು ಹೇಳಿ: ನಿಯಮ ಬಿಡಿಸಿದ್ದು ಬೇರೆ, ಆ ಕ್ಷಣದ ಮನಸ್ಸು ಬಿಡಿಸಿದ್ದು ಬೇರೆ.

ಮಲೆನಾಡಿನ ತೋಟ

ನಾನು ಷೇರಿನವನಲ್ಲ, ಅಣ್ಣನ ಮಗ ಈ ಚರ್ಚೆ ತೋರಿಸಿದ. ನಮಗೆ ಇದು ಹೊಸದೇನಲ್ಲ. ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಿರುತ್ತೇವೆ, ಆ ದಿನದ ರಾಶಿ ದರ ಮನಸ್ಸಿಗೆ ಬರಲಿಲ್ಲವೆಂದರೆ ಮಾರುವುದಿಲ್ಲ, ಚೀಲ ಹಾಗೇ ಇರುತ್ತದೆ. ಅನುಮಾನವಿದ್ದಾಗ ಸುಮ್ಮನಿದ್ದವನೇ ಗೆದ್ದ ಎಂದು ನಮ್ಮ ತಂದೆಯೂ ಹೇಳುತ್ತಿದ್ದರು.

ಲೆಕ್ಕದ ಮೇಷ್ಟ್ರು

ತೋಟದವರೇ, ನಿಮ್ಮ ಸುಮ್ಮನಿರುವಿಕೆಯೂ ಭಾನುವಾರದವರದ್ದೂ ನೋಡಲು ಒಂದೇ, ಒಳಗೆ ತಿರುಗುಮುರುಗು. ಅವರ ಕೈಯಲ್ಲಿ ಷೇರಿಲ್ಲ. ಸುಮ್ಮನಿದ್ದರೆ ಬೆಲೆ ಎತ್ತ ಹೋದರೂ ಹಣ ಹಾಗೇ ಇರುತ್ತದೆ. ನಿಮ್ಮ ಕೈಯಲ್ಲಿ ಅಡಿಕೆಯಿದೆ. ಮಾರದೆ ಸುಮ್ಮನಿದ್ದರೆ ದರ ಇಳಿದಷ್ಟೂ ನಿಮ್ಮದೇ ನಷ್ಟ, ಜೊತೆಗೆ ದಾಸ್ತಾನಿನ ತೂಕ, ಬಣ್ಣದ ಚಿಂತೆ. ಅಂದರೆ ನೀವು ಪ್ರತಿದಿನ ಅಂದಿನ ದರಕ್ಕೆ ಅದೇ ಅಡಿಕೆಯನ್ನು ಮತ್ತೆ ಕೊಂಡಂತೆ. ಅದು ಬಿಟ್ಟ ಟ್ರೇಡ್ ಅಲ್ಲ, ಇಟ್ಟುಕೊಂಡ ಟ್ರೇಡ್. ಕ್ಲಬ್ಬುಗಳಲ್ಲೂ ಈ ಗೊಂದಲವಿದೆ. ಸ್ಟಾಪ್ ಮುರಿದ ಮೇಲೂ ಮಾರದವರು "ನಾನು ಆತುರದ ನಿರ್ಧಾರ ತೆಗೆದುಕೊಳ್ಳಲಿಲ್ಲ" ಎನ್ನುತ್ತಾರೆ.

ಮಲೆನಾಡಿನ ತೋಟ

ಹೌದೆನ್ನಿ. ಆದರೆ ಅಡಿಕೆಯನ್ನು ಮಾರಲೇಬೇಕು, ಷೇರನ್ನು ಕೊಳ್ಳಲೇಬೇಕೆಂದಿಲ್ಲ. ನಿಮ್ಮದು ಸುಖದ ಬಾಳು.

ಜಯನಗರ 4ನೇ ಬ್ಲಾಕ್

ಇಷ್ಟೊಂದು ವಾದ ಬೇಕಿಲ್ಲ, ಅರ್ಧ ಸಂಖ್ಯೆ ತೆಗೆದುಕೊಂಡರೆ ಮುಗಿಯಿತು. 187ರ ಬದಲು 93. ಅನುಮಾನ ಅರ್ಧ, ಟ್ರೇಡ್ ಅರ್ಧ. ನಾನು ಯಾವಾಗಲೂ ಹೀಗೇ ಮಾಡುತ್ತೇನೆ. ಇಲ್ಲದಿದ್ದರೆ ಜಿಟಿಟಿ ಹಾಕಿ, ರಾತ್ರಿ ಬಿದ್ದರೂ ಬೆಳಿಗ್ಗೆ 480ಕ್ಕೆ ತಾನೇ ಮಾರಿಬಿಡುತ್ತದೆ.

ಭಾನುವಾರದ ಚಾರ್ಟ್

ಜಯನಗರದವರೇ, ಜಿಟಿಟಿ ಬಗ್ಗೆ ಹಾಗೆ ನಂಬಬೇಡಿ. 480ಕ್ಕೆ ಟ್ರಿಗರ್ ಇಟ್ಟು 479ಕ್ಕೆ ಲಿಮಿಟ್ ಬರೆದಿದ್ದೀರಿ, ಷೇರು 460ರಲ್ಲಿ ತೆರೆಯಿತು. ಟ್ರಿಗರ್ ಆಗುತ್ತದೆ, 479ಕ್ಕೆ ಮಾರುವ ಆರ್ಡರ್ ಹೋಗುತ್ತದೆ, ಆದರೆ ಆ ಬೆಲೆಗೆ ಕೊಳ್ಳುವವರೇ ಇಲ್ಲ. ಆರ್ಡರ್ ಅಲ್ಲೇ ನೇತಾಡುತ್ತದೆ, ಷೇರು ನಿಮ್ಮ ಖಾತೆಯಲ್ಲೇ ಇರುತ್ತದೆ, ಬೆಲೆ ಇನ್ನೂ ಕೆಳಗಿಳಿಯಬಹುದು. ಲಿಮಿಟನ್ನು ತೀರಾ ಕೆಳಗೆ ಬರೆದರೆ ಮಾರಾಟವೇನೋ ಆಗುತ್ತದೆ, ಆದರೆ 460ರ ಹತ್ತಿರವೇ.

ಅರ್ಧ ಸಂಖ್ಯೆಯ ಮಾತು ಮಾತ್ರ ಯೋಚಿಸುವಂಥದ್ದು. ಯಾವ ಅನುಮಾನಕ್ಕೆ ಅದು ಮದ್ದು ಎಂದು ನೋಡಬೇಕು. ಫಲಿತಾಂಶದ ಅನುಮಾನಕ್ಕೆ ನಾಟುತ್ತದೆ: 93 ಷೇರು, 36 ರೂಪಾಯಿ ಬಿದ್ದರೆ 3,348. ಒಪ್ಪಿಕೊಂಡ ಮೂರು ಸಾವಿರದ ಹತ್ತಿರವೇ ನಿಲ್ಲುತ್ತದೆ. 512ರ ಅನುಮಾನಕ್ಕೆ ನಾಟುವುದಿಲ್ಲ. ಹದಿನಾರಕ್ಕೆ ಹದಿನಾರು ಎಂಬ ಅನುಪಾತ 93 ಷೇರಿನಲ್ಲೂ ಅದೇ, ನೂರಕ್ಕೆ 54 ಗೆಲ್ಲಲೇಬೇಕು. ನಷ್ಟದ ಟ್ರೇಡನ್ನು ಅರ್ಧ ಮಾಡಿದರೆ ಸಿಗುವುದು ಅರ್ಧ ನಷ್ಟ. ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಇದನ್ನು ಸೇರಿಸುತ್ತೇನೆ.

ಜಯನಗರ 4ನೇ ಬ್ಲಾಕ್

460 ಎಂದು ಯಾರು ಹೇಳಿದರು? ಅದು ನೀವೇ ಊಹಿಸಿದ ಬೆಲೆ. 440 ಆಗಬಹುದಿತ್ತು, 490 ಆಗಬಹುದಿತ್ತು. ಊಹೆಯ ಮೇಲೆ ಬಿಟ್ಟರೆ ನಿರ್ಧಾರ, ಊಹೆಯ ಮೇಲೆ ಕೊಂಡರೆ ಜೂಜು ಎನ್ನುವುದು ಯಾವ ನ್ಯಾಯ?

ಭಾನುವಾರದ ಚಾರ್ಟ್

ಗಾಳಿಯಲ್ಲಿ ಹಿಡಿದ ಬೆಲೆಯಲ್ಲ ಅದು. ಆ ಷೇರಿನ ಹಿಂದಿನ ಎರಡು ವರ್ಷದ ಫಲಿತಾಂಶಗಳ ಮರುದಿನ ಎಷ್ಟು ಗ್ಯಾಪ್ ಆಗಿತ್ತು ಎಂದು ಚಾರ್ಟ್ ನೋಡಿದೆ. ಕೆಟ್ಟ ದಿನಗಳಲ್ಲಿ ಶೇ 7ರ ಆಸುಪಾಸು ಕೆಳಗೆ ತೆರೆದಿತ್ತು. 496ಕ್ಕೆ ಅದನ್ನು ಹಾಕಿದರೆ 460ರ ಹತ್ತಿರ ಬರುತ್ತದೆ. ಇದಕ್ಕಿಂತ ಕೆಟ್ಟದ್ದು ಆಗುವುದೇ ಇಲ್ಲ ಎಂದು ಹೇಳುತ್ತಿಲ್ಲ.

ಹೊಸ ಖಾತೆ

ಎಲ್ಲರಿಗೂ ನಮಸ್ಕಾರ. ಶೀರ್ಷಿಕೆ ನೋಡಿ ಬಂದೆ. ಮಾರುಕಟ್ಟೆ ಅನುಮಾನಾಸ್ಪದವಾಗಿದ್ದರೆ ಈ ತಿಂಗಳ ಎಸ್‌ಐಪಿ ಕಂತನ್ನು ಬಿಡುವುದು ಒಳ್ಳೆಯದೇ? ನನ್ನದು ಸೂಚ್ಯಂಕದ ಫಂಡ್, ತಿಂಗಳಿಗೆ ಎರಡು ಸಾವಿರ.

ಹುಬ್ಬಳ್ಳಿಯ ಅಕ್ಕ

ತಮ್ಮಾ, ಇಲ್ಲಿ ನಡೆಯುತ್ತಿರುವುದು ಆ ಮಾತಲ್ಲ. ಎಸ್‌ಐಪಿಯಲ್ಲಿ ಎಂಟ್ರಿ, ಸ್ಟಾಪ್, ಟಾರ್ಗೆಟ್ ಏನೂ ಇಲ್ಲ. ಬೆಲೆ ನೋಡದೆ ತಿಂಗಳು ತಿಂಗಳು ಕೊಳ್ಳುವುದೇ ಅದರ ನಿಯಮ. ಅಲ್ಲಿ ಕಂತು ಬಿಡುವುದೆಂದರೆ ನಿಯಮ ಮುರಿಯುವುದು. ಇಲ್ಲಿ ಬಿಡುವುದು ನಿಯಮದ ಒಳಗೇ ಇದೆ. ಎರಡನ್ನೂ ಬೆರೆಸಬೇಡ. ಕಂತು ನಿಲ್ಲಿಸಬೇಕೇ ಎಂಬುದು ನಿನ್ನ ಮನೆಯ ಖರ್ಚಿಗೆ ಸೇರಿದ್ದು, ಚಾರ್ಟಿಗಲ್ಲ.

ಒಂಬತ್ತೂಕಾಲು

ಮೇಷ್ಟ್ರೇ, ಸೋತೆ, ಸೆಬಿಯ 93ರ ಮಾತು ವಾಪಸ್. ಆದರೆ ಭಾನುವಾರದ ಸರ್ ಹೇಳುವುದನ್ನು ಪರೀಕ್ಷಿಸುವುದು ಹೇಗೆ? ತೆಗೆದುಕೊಂಡ ಟ್ರೇಡಿಗೆ ಲಾಭ ನಷ್ಟ ಖಾತೆಯಲ್ಲೇ ಕಾಣುತ್ತದೆ. ಬಿಟ್ಟದ್ದಕ್ಕೆ ಸಾಕ್ಷಿ ಯಾರು? "ಮತ್ತೆ ಬಿಡುತ್ತೇನೆ" ಎಂದು ಯಾರು ಬೇಕಾದರೂ ಎದೆ ತಟ್ಟಿ ಹೇಳಬಹುದು.

ಲೆಕ್ಕದ ಮೇಷ್ಟ್ರು

ಈ ಸಲ ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಬಿಟ್ಟ ಟ್ರೇಡನ್ನೂ ತೆಗೆದುಕೊಂಡಂತೆಯೇ ಕೊನೆಯವರೆಗೆ ನಡೆಸಬೇಕು. ಬಿಡುವಾಗಲೇ ಮೂರು ಬೆಲೆ ಬರೆದಿರಬೇಕು, ಆಮೇಲೆ ತಿದ್ದುವಂತಿಲ್ಲ. ಸ್ಟಾಪ್ ಮೊದಲು ಬಂತೋ ಟಾರ್ಗೆಟ್ ಮೊದಲು ಬಂತೋ ನೋಡಿ ಮುಚ್ಚಬೇಕು, ಖರ್ಚು ಕಳೆಯಬೇಕು, ಗ್ಯಾಪ್ ಆಗಿದ್ದರೆ ಸ್ಟಾಪಿನ ಬೆಲೆಯನ್ನಲ್ಲ, ತೆರೆದ ಬೆಲೆಯನ್ನು ಹಾಕಬೇಕು. ವಾರಾಂತ್ಯದಲ್ಲಿ ನೆನಪಿನಿಂದ ಬರೆದರೆ ಉಪಯೋಗವಿಲ್ಲ. ಹಾರಿದ ಷೇರು ಮಾತ್ರ ನೆನಪಿರುತ್ತದೆ, ಸದ್ದಿಲ್ಲದೆ 480ಕ್ಕೆ ಬಿದ್ದದ್ದು ಮರೆತೇ ಹೋಗಿರುತ್ತದೆ.

ಇಷ್ಟಾದರೂ ಬೇಗ ತೀರ್ಪು ಸಿಗುವುದಿಲ್ಲ. ಬಿಟ್ಟ 40 ಟ್ರೇಡುಗಳ ದಾಖಲೆ ಇದೆ ಎಂದುಕೊಳ್ಳಿ. ಬರೀ ನಾಣ್ಯ ಚಿಮ್ಮಿದರೂ 40ರಲ್ಲಿ 14ರಿಂದ 26ರವರೆಗೆ ಗೆಲುವು ಬರುವುದು ಮಾಮೂಲು. ಭಾನುವಾರದವರಿಗೆ ಬೇಕಾದ 54 ಶೇಕಡಾ ಎಂದರೆ 22. ಅದು ಈ ಹರವಿನ ಒಳಗೇ ಇದೆ. ಅಂದರೆ 40 ದಾಖಲೆ ನೋಡಿ "ಬಿಟ್ಟದ್ದು ಸರಿ" ಎಂದೂ ಹೇಳಲಾಗದು, "ತಪ್ಪು" ಎಂದೂ ಹೇಳಲಾಗದು. ಸ್ವಿಂಗ್ ಟ್ರೇಡರ್ ಒಬ್ಬನೇ ಸಾಕಷ್ಟು ದಾಖಲೆ ಕೂಡಿಸುವ ಹೊತ್ತಿಗೆ ಮಾರುಕಟ್ಟೆಯ ರೀತಿಯೇ ಬದಲಾಗಿರಬಹುದು.

ಹುಬ್ಬಳ್ಳಿಯ ಅಕ್ಕ

ಹಾಗಿದ್ದರೆ ಈ ಹಾಳೆಯಿಂದ ಏನು ಪ್ರಯೋಜನ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು

ಗೆದ್ದೆವೋ ಸೋತೆವೋ ತಿಳಿಯುವ ಮೊದಲೇ ಒಂದು ವಿಷಯ ತಿಳಿಯುತ್ತದೆ, ಕಾರಣಗಳ ಸಾಲು ಓದಿದರೆ ಸಾಕು. ನಷ್ಟವಾದ ಮರುದಿನವೇ ಬಿಟ್ಟ ಟ್ರೇಡುಗಳು ಗುಂಪಾಗಿ ಬಂದಿದ್ದರೆ ಅದು ಅಂಜಿಕೆ. ಒಂದೇ ಬಗೆಯ ಚಾರ್ಟಿನಲ್ಲಿ ಒಮ್ಮೆ "ವಾಲ್ಯೂಮ್ ಕಡಿಮೆ" ಎಂದು ಬಿಟ್ಟು, ಇನ್ನೊಮ್ಮೆ ಅಷ್ಟೇ ವಾಲ್ಯೂಮಿಗೆ ಕೊಂಡಿದ್ದರೆ ವಾಲ್ಯೂಮ್ ಕಾರಣವೇ ಅಲ್ಲ. ಇದಕ್ಕೆ ನಲವತ್ತು ಬೇಡ, ಹತ್ತು ಸಾಲು ಸಾಕು. ಇನ್ನು ಗೆಲುವಿನ ಪ್ರಮಾಣಕ್ಕೆ ಕ್ಲಬ್ಬಿನವರೆಲ್ಲ ಒಂದೇ ಸೆಟಪ್ಪಿನ ದಾಖಲೆ ಕೂಡಿಸಿದರೆ ಬೇಗ ಆದೀತು.

ಹುಬ್ಬಳ್ಳಿಯ ಅಕ್ಕ

ಕೂಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂದೇ ವಾರ ಮಾರುಕಟ್ಟೆ ಬಿದ್ದರೆ ಹತ್ತು ಜನ ಬಿಟ್ಟ ಹತ್ತು ಟ್ರೇಡೂ ಒಟ್ಟಿಗೆ "ಸರಿ" ಆಗುತ್ತವೆ. ಹತ್ತು ದಾಖಲೆ ಎಂದು ಎಣಿಸುತ್ತೀರಿ, ನಡೆದದ್ದು ಒಂದೇ ಘಟನೆ.

ಲೆಕ್ಕದ ಮೇಷ್ಟ್ರು

ಅದೂ ನಿಜ. ಅದಕ್ಕೆ ನನ್ನ ಹತ್ತಿರ ಸುಲಭದ ಉತ್ತರವಿಲ್ಲ.

ಭಾನುವಾರದ ಚಾರ್ಟ್

ಎಲ್ಲರಿಗೂ ಧನ್ಯವಾದ. ವಾಲ್ಯೂಮಿನ ಸಾಲನ್ನು ಮಾತಿನಿಂದ ತೆಗೆದೆ. ಫಲಿತಾಂಶದ ದಿನಾಂಕವನ್ನು ಅಕ್ಕ ಹೇಳಿದಂತೆ ಬೆಳಗಿನ ಪಟ್ಟಿಗೆ ಒಯ್ದೆ. ಈಗ ಕರಡಿನಲ್ಲಿ ಉಳಿದಿರುವುದು 512 ಮತ್ತು ಅರ್ಧ ಸಂಖ್ಯೆಯ ಲೆಕ್ಕ. ಸದಸ್ಯರಿಗೆ ಹಂಚುವ ಹಾಳೆಯಲ್ಲಿ ದಿನಾಂಕ, ಸಮಯ, ಮೂರು ಬೆಲೆ, ಅನುಮಾನ ಬದಲಿಸಿದ್ದು ಯಾವುದನ್ನು, ಕೊನೆಗೆ ಏನಾಯಿತು ಎಂಬ ಕಲಂಗಳಿರುತ್ತವೆ.

ಹೊಸ ಖಾತೆ

ಇನ್ನೊಂದು ಪ್ರಶ್ನೆ ಕೇಳಲೇ? ಕೆಲಸದ ಮಧ್ಯೆ ನಾನು ನೋಡದೇ ಇದ್ದ ಬ್ರೇಕ್‌ಔಟುಗಳನ್ನೂ ಈ ಹಾಳೆಯಲ್ಲಿ ಬರೆಯಬೇಕೇ?

ಭಾನುವಾರದ ಚಾರ್ಟ್

ಬೇಡ. ಕಣ್ಣಿಗೇ ಬೀಳದ್ದರ ಮೇಲೆ ನೀವು ಏನನ್ನೂ ತೀರ್ಮಾನಿಸಿರುವುದಿಲ್ಲ. ನೋಡಿದ್ದು, ಬೆಲೆ ಹಾಕಿದ್ದು, ಆಮೇಲೆ ಬಿಟ್ಟದ್ದು ಮಾತ್ರ.

ಹುಬ್ಬಳ್ಳಿಯ ಅಕ್ಕ

ನಾನಾದರೆ ಅದನ್ನೂ ಬೇರೆ ಹಾಳೆಯಲ್ಲಿ ಬರೆಸುತ್ತೇನೆ. ನೋಡಲು ಆಗದೇ ಇದ್ದದ್ದೇ ಹೆಚ್ಚಾಗಿದ್ದರೆ, ಮಧ್ಯಾಹ್ನ ಮೂರರ ನಂತರ ಕೊಳ್ಳುವ ಈ ಸೆಟಪ್ ಆಫೀಸಿಗೆ ಹೋಗುವವನಿಗೆ ಹೊಂದುವುದೇ ಇಲ್ಲ ಎಂದಾದರೂ ಗೊತ್ತಾಗುತ್ತದೆ.